ತುಟಿ ಒಡೆದಾಗ ಯಾವ ಲಿಪ್ ಬಾಮ್? ಐವತ್ತರದ್ದೋ, ಎಂಟುನೂರ ಐವತ್ತರದ್ದೋ

ವಿಜಯಪುರದಲ್ಲಿ ನಂದೊಂದು ಔಷಧಿ ಅಂಗಡಿ ಇದೆ. ದೀಪಾವಳಿ ಮುಗಿದು ಒಣ ಗಾಳಿ ಬೀಸೋಕೆ ಶುರುವಾದರೆ ಕೌಂಟರ್ ಮುಂದೆ ದಿನಾ ಒಂದೇ ಮಾತು. "ತುಟಿ ಭಾಳ ಒಡದಾವ್ರೀ, ಚಲೋದೊಂದು ಕೊಡ್ರಿ." ಕೊಟ್ಟ ಮೇಲೆ ಎರಡನೇ ಪ್ರಶ್ನೆ: "ಇದಕ್ಕಿಂತ ಕಾಸ್ಟ್ಲಿ ಇದ್ದರೆ ಇನ್ನೂ ಬೇಗ ಕಡಿಮೆ ಆಗ್ತದೇನ್ರೀ?" ಹಿಂದೆ ಬರೆದದ್ದನ್ನು ಓದಿದವರೂ ಇದನ್ನೇ ಕೇಳುತ್ತಿದ್ದಾರೆ. ಹಾಗಾಗಿ ಒಂದೇ ಸಲ ಎಲ್ಲ ಬರೆದಿಟ್ಟುಬಿಡೋಣ ಅನ್ನಿಸಿತು.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಬಿಸಿಲಿನ ರಕ್ಷಣೆ ಬೇಕಿಲ್ಲ ಅಂದರೆ, ಒಡೆದ ತುಟಿಗೆ ವಾಸನೆ ಇಲ್ಲದ ಸಾದಾ ಪೆಟ್ರೋಲಿಯಂ ಜೆಲ್ಲಿ ಸಾಕು. ಒಂದು ಬಾಮ್‌ನಲ್ಲಿ ಏನು ಹಾಕಿದ್ದಾರೆ ಅನ್ನುವಷ್ಟೇ ಮುಖ್ಯ, ಏನು ಹಾಕಿಲ್ಲ ಅನ್ನುವುದು. ಇದು ಯಾಕೆ ಅಂತ ತಿಳಿದರೆ ಮುಂದೆ ಯಾವ ಡಬ್ಬಿ ಎದುರಿಗೆ ಬಂದರೂ ನೀವೇ ತೀರ್ಮಾನ ಮಾಡಬಹುದು.

ಕೈಗೆ ಬೇಕಾದದ್ದು ಇಷ್ಟೇ: ಈಗ ನೀವು ಹಚ್ಚುತ್ತಿರುವ ಬಾಮ್, ಅದರ ರಟ್ಟಿನ ಡಬ್ಬಿ ಇದ್ದರೆ ಅದೂ, ನಿಮ್ಮ ಟೂತ್‌ಪೇಸ್ಟ್, ಮತ್ತು ಸಣ್ಣ ಅಕ್ಷರ ಓದೋಕೆ ಮೊಬೈಲ್ ಕ್ಯಾಮೆರಾ. ಈ ಡಬ್ಬಿಗಳ ಅಕ್ಷರ ಇರುವೆ ಸಾಲಿನ ಹಾಗಿರುತ್ತೆ, ಫೋಟೋ ತೆಗೆದು ದೊಡ್ಡದು ಮಾಡಿ ಓದಬೇಕು.

1. ಮೊದಲು ಕನ್ನಡಿ ಮುಂದೆ ನಿಂತು ನೋಡಿ

ಮುಖದ ಬೇರೆ ಚರ್ಮಕ್ಕೂ ತುಟಿಗೂ ದೊಡ್ಡ ವ್ಯತ್ಯಾಸವಿದೆ. ತುಟಿಯ ಕೆಂಪು ಭಾಗದಲ್ಲಿ ಬೆವರಿನ ಗ್ರಂಥಿ ಇಲ್ಲ. ಎಣ್ಣೆ ಒಸರುವ ಗ್ರಂಥಿಯೂ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಮೇಲಿನ ಪದರ ಬಲು ತೆಳು. ಕೆನ್ನೆ ತನ್ನ ಎಣ್ಣೆಯನ್ನು ತಾನೇ ಮಾಡಿಕೊಳ್ಳುತ್ತದೆ, ತುಟಿಗೆ ಅದು ಆಗದು. ಗಾಳಿ ಒಣಗಿದಾಗ ಮೊದಲು ನೀರು ಕಳೆದುಕೊಳ್ಳುವುದು ತುಟಿ, ಅದಕ್ಕೇ.

ಬರೀ ಹವೆಯಿಂದ ಒಡೆದ ತುಟಿಯಲ್ಲಿ ಒಣಗಿದ ಸಿಪ್ಪೆ ಎದ್ದಿರುತ್ತದೆ, ಸಣ್ಣ ಗೀರುಗಳಿರುತ್ತವೆ. ನಕ್ಕರೆ ನಡುವೆ ಸೀಳಿ ಒಂದು ಹನಿ ರಕ್ತ ಬರಬಹುದು. ಇದಕ್ಕೆ ಬಾಮ್ ಕೆಲಸ ಮಾಡುತ್ತದೆ.

ಬಾಯಿಯ ಎರಡು ಮೂಲೆ ಮಾತ್ರ ಬಿರಿದು, ಕೆಂಪಾಗಿ, ಬಾಯಿ ತೆರೆದರೆ ಉರಿಯುತ್ತಿದ್ದರೆ ಅದು ಬೇರೆ. ಅಲ್ಲಿ ಫಂಗಸ್ಸೋ ಬ್ಯಾಕ್ಟೀರಿಯಾವೋ ಸೇರಿರಬಹುದು. ಕಬ್ಬಿಣದ ಅಂಶ ಅಥವಾ ಬಿ ವಿಟಮಿನ್ ಕಡಿಮೆ ಇರಬಹುದು. ಹಲ್ಲಿನ ಸೆಟ್ ಸರಿಯಾಗಿ ಕೂರದಿದ್ದರೂ ಹೀಗಾಗುತ್ತದೆ. ಒಂದೇ ಕಡೆ ಸಣ್ಣ ನೀರುಗುಳ್ಳೆಗಳ ಗೊಂಚಲು ಬಂದರೆ ಅದು ವೈರಸ್ಸಿನ ಕೆಲಸ. ಈ ಎರಡಕ್ಕೂ ಬಾಮ್ ಬದಲಾಯಿಸುತ್ತಾ ಕೂತರೆ ದುಡ್ಡು ದಂಡ, ಡಾಕ್ಟರಿಗೆ ತೋರಿಸಿ.

ಇನ್ನೊಂದು ಗುರುತು ನೋಡಿ. ತುಟಿಯ ಅಂಚು ದಾಟಿ ಸುತ್ತಲಿನ ಚರ್ಮವೂ ಒಂದು ಪಟ್ಟಿಯಂತೆ ಕೆಂಪಾಗಿ ಒರಟಾಗಿದೆಯಾ? ಹಾಗಿದ್ದರೆ ನಾಲಿಗೆಯಿಂದ ತುಟಿ ಸವರುವ ಅಭ್ಯಾಸವಿದೆ ಅಂತ ಅರ್ಥ. ಮಕ್ಕಳಲ್ಲಿ ಇದು ಜಾಸ್ತಿ. ನಾಲಿಗೆ ಎಲ್ಲಿಯವರೆಗೆ ಮುಟ್ಟುತ್ತದೋ ಅಲ್ಲಿಯವರೆಗೆ ಸರಿಯಾಗಿ ಗೆರೆ ಎಳೆದ ಹಾಗಿರುತ್ತದೆ. ಎಂಜಲು ಆರುವಾಗ ತುಟಿಯ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಅದರಲ್ಲಿ ಆಹಾರ ಕರಗಿಸುವ ಕಿಣ್ವಗಳೂ ಇವೆ, ಅವು ಒಡೆದ ಚರ್ಮವನ್ನು ಇನ್ನಷ್ಟು ಕೆಣಕುತ್ತವೆ.

2. ಡಬ್ಬಿ ತಿರುಗಿಸಿ, ಹಿಂದಿನ ಪಟ್ಟಿ ಓದಿ

ಮುಂದಿನ ಚಿತ್ರ ಬಿಡಿ. ಸ್ಟ್ರಾಬೆರಿ, ಬಾದಾಮಿ, ಜೇನುಹುಟ್ಟು ಎಲ್ಲ ಅಲ್ಲಿರುತ್ತವೆ. ನಮಗೆ ಬೇಕಾದದ್ದು ಹಿಂದೆ 'ಇಂಗ್ರೀಡಿಯೆಂಟ್ಸ್' ಅಂತ ಶುರುವಾಗುವ ಸಾಲು. ನಮ್ಮ ದೇಶದ 2020ರ ಕಾಸ್ಮೆಟಿಕ್ಸ್ ನಿಯಮದ ಪ್ರಕಾರ, ಶೇಕಡಾ 1ಕ್ಕಿಂತ ಜಾಸ್ತಿ ಇರುವ ಪದಾರ್ಥಗಳನ್ನು ಹೆಚ್ಚಿನದರಿಂದ ಕಡಿಮೆಗೆ ಬರೆಯಬೇಕು. ಶೇಕಡಾ 1 ಅಥವಾ ಅದಕ್ಕಿಂತ ಕಡಿಮೆ ಇರುವವನ್ನು ಕೊನೆಯಲ್ಲಿ ಹೇಗೆ ಬೇಕಾದರೂ ಬರೆಯಬಹುದು.

ಇಷ್ಟು ಗೊತ್ತಿದ್ದರೆ ಅರ್ಧ ಗುಟ್ಟು ಬಯಲಾದ ಹಾಗೆ. ಮೊದಲ ನಾಲ್ಕೈದು ಹೆಸರೇ ಆ ಬಾಮ್. ಉಳಿದದ್ದು ಒಗ್ಗರಣೆ.

ಬಾಮ್ ಮಾಡಬೇಕಾದ ಮುಖ್ಯ ಕೆಲಸ ಒಂದೇ, ತುಟಿಯ ನೀರು ಗಾಳಿಗೆ ಹಾರಿಹೋಗದಂತೆ ಮೇಲೆ ಮುಚ್ಚಳ ಹಾಕುವುದು. ಈ ಕೆಲಸದಲ್ಲಿ ಪೆಟ್ರೋಲಿಯಂ ಜೆಲ್ಲಿಯನ್ನು ಮೀರಿಸುವುದು ಕಷ್ಟ. ಪಟ್ಟಿಯಲ್ಲಿ ಅದರ ಹೆಸರು 'ಪೆಟ್ರೋಲೇಟಮ್' ಅಥವಾ 'ವೈಟ್ ಸಾಫ್ಟ್ ಪ್ಯಾರಾಫಿನ್'. ರಾಬರ್ಟ್ ಚೀಸ್‌ಬರೋ ಅಮೆರಿಕದಲ್ಲಿ ಇದಕ್ಕೆ ಪೇಟೆಂಟ್ ಪಡೆದದ್ದು 1872ರಲ್ಲಿ. ಇವತ್ತಿಗೂ ಚರ್ಮದ ಡಾಕ್ಟರುಗಳು ಒಡೆದ ತುಟಿಗೆ ಮೊದಲು ಹೇಳುವ ಹೆಸರುಗಳಲ್ಲಿ ಇದೂ ಒಂದು. ಜೇನುಮೇಣವೂ ಮುಚ್ಚಳವೇ, ಪಟ್ಟಿಯಲ್ಲಿ 'ಸೆರಾ ಆಲ್ಬಾ' ಅಂತಿರುತ್ತದೆ. 'ಡೈಮೆಥಿಕೋನ್' ಅನ್ನುವ ಸಿಲಿಕೋನ್, ಮಿನರಲ್ ಆಯಿಲ್, ಕುರಿಯ ಉಣ್ಣೆಯಿಂದ ತೆಗೆಯುವ ಲ್ಯಾನೊಲಿನ್ ಕೂಡ ಇದೇ ಗುಂಪಿನವು. ಲ್ಯಾನೊಲಿನ್ ಒಳ್ಳೆಯದೇ, ಆದರೆ ಕೆಲವರಿಗೆ ಅಲರ್ಜಿ ಆಗುತ್ತದೆ. ಹಾಗಾಗಿ ತುಟಿ ಕೆಟ್ಟಿರುವಾಗ ಅದರಿಂದ ಶುರು ಮಾಡಬೇಡಿ.

"ಪೆಟ್ರೋಲ್‌ದು, ಹೊಟ್ಟೆಗೆ ಹೋದರೆ?" ಅಂತ ಕೇಳುವವರಿದ್ದಾರೆ. ಕಚ್ಚಾ ತೈಲದಿಂದ ಬರುವುದು ನಿಜ. ಆದರೆ ತುಟಿಗೆ ಬರುವ ಹೊತ್ತಿಗೆ ಅದನ್ನು ಚೆನ್ನಾಗಿ ಶುದ್ಧ ಮಾಡಿರುತ್ತಾರೆ. ಊಟದ ಜೊತೆ ಅಲ್ಪಸ್ವಲ್ಪ ನುಂಗಿದರೆ ತೊಂದರೆ ಇಲ್ಲ. ಡಬ್ಬಿ ಮೇಲೆ 'ಐಪಿ' ಅಂತಿದ್ದರೆ ಅದು ಔಷಧದ ಗುಣಮಟ್ಟದ್ದು. ಚೀಲದಲ್ಲಿ ಬಿಡಿಯಾಗಿ ಮಾರುವ, ಹೆಸರಿಲ್ಲದ ಹಳದಿ ಜೆಲ್ಲಿ ಮಾತ್ರ ಬೇಡ.

ಎರಡನೇ ಗುಂಪು ಮೆದು ಮಾಡುವವು. ಎದ್ದ ಸಿಪ್ಪೆಗಳ ನಡುವಿನ ಸಂದಿಗೆ ಇಳಿದು ಒರಟುತನ ಕಡಿಮೆ ಮಾಡುತ್ತವೆ. ಶಿಯಾ ಬೆಣ್ಣೆ ('ಬ್ಯುಟಿರೋಸ್ಪರ್ಮಮ್ ಪಾರ್ಕಿ'), ಹರಳೆಣ್ಣೆ ('ರಿಸಿನಸ್ ಕಮ್ಯುನಿಸ್'), ಚರ್ಮದಲ್ಲೇ ಇರುವ ಕೊಬ್ಬಿನಂಥ 'ಸೆರಮೈಡ್' ಇಲ್ಲಿ ಬರುತ್ತವೆ. ಹೌದು, ವಿದೇಶಿ ಹೆಸರಿನ ದುಬಾರಿ ಸ್ಟಿಕ್‌ನಲ್ಲಿ ಎರಡನೇ ಸಾಲಿನಲ್ಲಿ ಕೂತಿರುವುದು ಎಷ್ಟೋ ಸಲ ನಮ್ಮ ಹರಳೆಣ್ಣೆಯೇ.

ಉತ್ತರ ಕನ್ನಡದ ಓದುಗರಿಗೆ ಇಲ್ಲೊಂದು ಮಾತು. ನಿಮ್ಮ ಮನೆಯ ಮುರುಗಲ ತುಪ್ಪ ಇದೇ ಗುಂಪಿನದು. 'ಗಾರ್ಸಿನಿಯಾ ಇಂಡಿಕಾ' ಅಂತ ಪಟ್ಟಿಯಲ್ಲಿ ಕಂಡರೆ ಅದೇ. ಸುಮಾರು 38ರಿಂದ 40 ಡಿಗ್ರಿಗೆ ಕರಗುವುದರಿಂದ ತುಟಿ ಮೇಲೆ ಮೆತ್ತಗಾಗುತ್ತದೆ, ಹರಿದು ಹೋಗುವುದಿಲ್ಲ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗೇ ನೀರಾಗುತ್ತದೆ. ಹಚ್ಚಿದ ಅರ್ಧ ಗಂಟೆಗೆ ಅದು ಗಲ್ಲದ ಮೇಲಿರುತ್ತದೆ. ಕೊಬ್ಬರಿ ಎಣ್ಣೆ ಕೆಟ್ಟದ್ದಲ್ಲ, ನಿಲ್ಲುವುದಿಲ್ಲ ಅಷ್ಟೇ.

ಮೂರನೆಯದು ನೀರು ಹಿಡಿದಿಡುವವು: ಗ್ಲಿಸರಿನ್, ಹಯಾಲುರಾನಿಕ್ ಆಸಿಡ್, ಜೇನು. ಜಾಹೀರಾತಿನಲ್ಲಿ ಇವುಗಳದ್ದೇ ಅಬ್ಬರ. ಇವು ಕೆಲಸ ಮಾಡುವುದು ಮೇಲೊಂದು ಮುಚ್ಚಳ ಇದ್ದಾಗ. ಮುಚ್ಚಳವಿಲ್ಲದೆ ಬರೀ ಗ್ಲಿಸರಿನ್ ಹಚ್ಚಿಕೊಂಡು ಒಣ ಗಾಳಿಗೆ ಹೊರಟರೆ, ಹಿಡಿದ ನೀರು ಆರಿಯೇ ಹೋಗುತ್ತದೆ. ನೀರು ಬೆರೆಸದ ಗ್ಲಿಸರಿನ್ ಒಡೆದ ಜಾಗಕ್ಕೆ ಉರಿಯುತ್ತದೆ ಕೂಡ. ಜೇನಿನ ಕಷ್ಟ ಬೇರೆ, ಸಿಹಿ ಅಂತ ನಾಲಿಗೆ ಸುಮ್ನೆ ಇರುವುದಿಲ್ಲ.

3. ಇರಬಾರದ್ದನ್ನು ಹುಡುಕಿ

ಈ ಹಂತ ಬಿಟ್ಟವರೇ ತಿಂಗಳುಗಟ್ಟಲೆ ಒದ್ದಾಡುವುದು. ಪಟ್ಟಿಯಲ್ಲಿ ಈ ಹೆಸರುಗಳನ್ನು ಹುಡುಕಿ: ಮೆಂಥಾಲ್, ಕ್ಯಾಂಫರ್ ಅಂದರೆ ಕರ್ಪೂರ, ಪೆಪ್ಪರ್‌ಮಿಂಟ್ ಎಣ್ಣೆ, ಯೂಕಲಿಪ್ಟಸ್ ಅಂದರೆ ನೀಲಗಿರಿ ಎಣ್ಣೆ, ಫೀನಾಲ್, ಸ್ಯಾಲಿಸಿಲಿಕ್ ಆಸಿಡ್, ದಾಲ್ಚಿನ್ನಿ, ನಿಂಬೆ ಜಾತಿಯ ಎಣ್ಣೆಗಳು. ಸುವಾಸನೆಗೆ 'ಪಾರ್ಫಮ್', 'ಫ್ರಾಗ್ರೆನ್ಸ್', 'ಅರೋಮಾ', 'ಫ್ಲೇವರ್' ಅಂತೆಲ್ಲ ಬರೆದಿರುತ್ತಾರೆ. ಆರೋಗ್ಯವಾಗಿರುವ ತುಟಿ ಇವನ್ನೆಲ್ಲ ತಡೆದುಕೊಳ್ಳುತ್ತದೆ. ಒಡೆದ ತುಟಿ ತಡೆಯುವುದಿಲ್ಲ.

ಮೆಂಥಾಲ್ ಮಾಡುವ ಮೋಸ ನೋಡಿ. ಅದು ಚರ್ಮದಲ್ಲಿ ತಣ್ಣಗನ್ನು ಗ್ರಹಿಸುವ ನರಗಳನ್ನು ಎಬ್ಬಿಸುತ್ತದೆ. ತಂಪು ಅನ್ನಿಸುತ್ತದೆ, ಆದರೆ ತುಟಿಗೆ ಒಂದು ಹನಿ ನೀರೂ ಸೇರಿಲ್ಲ. ಒಡೆದ ಜಾಗ ಕೆರಳುತ್ತದೆ, ಮತ್ತೆ ಒಣಗುತ್ತದೆ, ನೀವು ಮತ್ತೆ ಹಚ್ಚುತ್ತೀರಿ. "ಲಿಪ್ ಬಾಮ್ ಚಟ ಹತ್ತಿದೆ" ಅನ್ನುವವರ ಡಬ್ಬಿ ತಿರುಗಿಸಿದರೆ ಎಷ್ಟೋ ಸಲ ಇದೇ ಕಾಣುತ್ತದೆ. ಹಚ್ಚಿದಾಗ ಚುರುಚುರು ಅಂದರೆ ಅದು ಔಷಧ ಕೆಲಸ ಮಾಡುತ್ತಿರುವ ಗುರುತಲ್ಲ, ನಿಲ್ಲಿಸಿ ಅನ್ನುವ ಸೂಚನೆ.

"ನ್ಯಾಚುರಲ್" ಅಂತ ಬರೆದಿದ್ದರೆ ಸುರಕ್ಷಿತ ಅಂದುಕೊಳ್ಳಬೇಡಿ. ಪುದೀನ ಎಣ್ಣೆ, ದಾಲ್ಚಿನ್ನಿ, ಕರ್ಪೂರ ಎಲ್ಲ ನ್ಯಾಚುರಲ್ಲೇ, ಅಲ್ವಾ?

ಈಗ ಟೂತ್‌ಪೇಸ್ಟ್ ಕೈಗೆ ತೆಗೆದುಕೊಳ್ಳಿ. ಖಾರ ಪುದೀನ, ದಾಲ್ಚಿನ್ನಿ ಅಥವಾ ಲವಂಗದ ಪೇಸ್ಟ್ ದಿನಕ್ಕೆರಡು ಸಲ ತುಟಿಗೆ ತಾಗುತ್ತದೆ. ನೊರೆ ಬರಿಸುವ 'ಸೋಡಿಯಂ ಲಾರಿಲ್ ಸಲ್ಫೇಟ್' ಕೂಡ ಕೆಲವರ ತುಟಿಗೆ ಆಗದು. ನನ್ನ ತಂಗಿಗೆ ಆದದ್ದು ಇದೇ. ಕಲಬುರಗಿಯಲ್ಲಿರುತ್ತಾಳೆ. ಎರಡು ತಿಂಗಳಲ್ಲಿ ಮೂರು ಬಾಮ್ ಬದಲಾಯಿಸಿದ್ದಳು, ಕೊನೆಯದು ಎಂಟುನೂರ ಐವತ್ತು ರೂಪಾಯಿಯದು. ಹಗಲು ಸರಿ ಇರುತ್ತಿತ್ತು, ಬೆಳಿಗ್ಗೆ ಹಲ್ಲುಜ್ಜಿದ ಮೇಲೆ ತುಟಿ ಕೆಂಪಗಾಗುತ್ತಿತ್ತು. ಪೇಸ್ಟನ್ನು ಮಕ್ಕಳ ಸಪ್ಪೆ ಪೇಸ್ಟಿಗೆ ಬದಲಾಯಿಸಿ, ಬಾಮ್ ಬಿಟ್ಟು ಬರೀ ಜೆಲ್ಲಿ ಹಚ್ಚಲು ಹೇಳಿದೆ. ನಾಲ್ಕನೇ ದಿನಕ್ಕೆ ಉರಿ ನಿಂತಿತು. ಸಿಪ್ಪೆ ಪೂರ್ತಿ ಹೋಗಲು ಹತ್ತು ದಿನ ಬೇಕಾಯಿತು. ಆಮೇಲೆ ಹಳೇ ಪೇಸ್ಟ್ ಮತ್ತೆ ಹಚ್ಚಿ ನೋಡಿದಳು. ಎರಡೇ ದಿನಕ್ಕೆ ಉರಿ ವಾಪಸ್.

4. ಗ್ರಾಂ ಲೆಕ್ಕ ಹಾಕಿ

ಲಿಪ್ ಬಾಮ್ ಸ್ಟಿಕ್‌ನಲ್ಲಿ ಸಾಮಾನ್ಯವಾಗಿ 4ರಿಂದ 5 ಗ್ರಾಂ ಇರುತ್ತದೆ. ಸಣ್ಣ ಡಬ್ಬಿಗಳಲ್ಲಿ 8–10 ಗ್ರಾಂ. ಡಬ್ಬಿಯ ಗೋಡೆ ದಪ್ಪ ಮಾಡಿ, ತಳ ಎತ್ತಿ, ನೋಡೋಕೆ ದೊಡ್ಡದು ಕಾಣುವಂತೆ ಮಾಡಿರುತ್ತಾರೆ. ಎಮ್‌ಆರ್‌ಪಿ ಹತ್ತಿರ ಗ್ರಾಂ ಒಂದಕ್ಕೆ ಎಷ್ಟು ಅಂತಲೂ ಅಚ್ಚಾಗಿರುತ್ತದೆ, ಅದನ್ನು ನೋಡಿ. ಕಾಣದಿದ್ದರೆ ಬೆಲೆಯನ್ನು ತೂಕದಿಂದ ಭಾಗಿಸಿ.

ನಮ್ಮ ಕೌಂಟರ್ ಮೇಲಿನ ಮೂರನ್ನೇ ತೆಗೆದುಕೊಳ್ಳೋಣ. 40 ಗ್ರಾಂ ಜೆಲ್ಲಿ 50 ರೂಪಾಯಿ, ಅಂದರೆ ಗ್ರಾಮಿಗೆ ಒಂದೂಕಾಲು ರೂಪಾಯಿ. ಸೆರಮೈಡ್, ಶಿಯಾ ಇರುವ, ವಾಸನೆ ಇಲ್ಲದ 4.5 ಗ್ರಾಂ ಸ್ಟಿಕ್ 180 ರೂಪಾಯಿ, ಗ್ರಾಮಿಗೆ 40. ತಂಗಿ ತಂದಿದ್ದಂಥ 10 ಗ್ರಾಂ ಡಬ್ಬಿ 850, ಗ್ರಾಮಿಗೆ 85. ತಿಂಗಳಿಗೆ ಸುಮಾರು 4 ಗ್ರಾಂ ಹಚ್ಚುತ್ತೀರಿ ಅಂದುಕೊಳ್ಳಿ. ನವೆಂಬರಿನಿಂದ ಫೆಬ್ರವರಿವರೆಗೆ 16 ಗ್ರಾಂ. ಜೆಲ್ಲಿಗೆ 20 ರೂಪಾಯಿ, ಸ್ಟಿಕ್ಕಿಗೆ 640, ಆ ಡಬ್ಬಿಗೆ 1,360.

ಆ ಡಬ್ಬಿಯ ಪಟ್ಟಿ ಓದಿದೆ. ಮೊದಲ ಹೆಸರು 'ಹೈಡ್ರೋಜನೇಟೆಡ್ ಪಾಲಿಐಸೊಬ್ಯುಟೀನ್'. ಇದು ಹೊಳಪು ಕೊಡುವ, ಅಂಟಂಟಾದ ಕೃತಕ ಎಣ್ಣೆ. ಮುಚ್ಚಳವಾಗಿ ಕೆಲಸ ಮಾಡುತ್ತದೆ, ದೂರೇನೂ ಇಲ್ಲ. ಆಮೇಲೆ ಮೇಣ, ಶಿಯಾ. ಮುಂದುಗಡೆ ದೊಡ್ಡ ಅಕ್ಷರದಲ್ಲಿದ್ದ ಹಯಾಲುರಾನಿಕ್ ಇದ್ದದ್ದು ಕಟ್ಟಕಡೆಗೆ, ಫ್ಲೇವರ್ ಆದ ಮೇಲೆ. ಫ್ಲೇವರ್ ಸಾಮಾನ್ಯವಾಗಿ ಚಿಟಿಕೆಯಷ್ಟೇ ಇರುತ್ತದೆ. ಅದರ ನಂತರ ಬರುವುದು ಇನ್ನೆಷ್ಟಿರಬಹುದು ನೀವೇ ಯೋಚಿಸಿ. ಆ 850 ರೂಪಾಯಿಯಲ್ಲಿ ಹೆಚ್ಚಿನದು ಹೋದದ್ದು ಹೊಳಪಿಗೆ, ಪರಿಮಳಕ್ಕೆ, ಚೆಂದದ ಗಾಜಿನ ಡಬ್ಬಿಗೆ. ಅದು ಇಷ್ಟ ಅಂದರೆ ತಗೊಳ್ಳಿ, ತಪ್ಪೇನಿಲ್ಲ. ತುಟಿ ವಾಸಿಯಾದ ಮೇಲೆ ತಗೊಳ್ಳಿ.

ಹಾಗಾದರೆ ಜಾಸ್ತಿ ದುಡ್ಡು ಯಾವುದಕ್ಕೆ ಕೊಡಬಹುದು? ಬಿಸಿಲಿಗೆ. ಹೊಲದ ಕೆಲಸ, ಬೈಕಿನ ಓಡಾಟ, ಮೈದಾನದಲ್ಲಿ ಆಟ ಇದ್ದರೆ ಹಗಲಿಗೆ ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಜಾಸ್ತಿ ಇರುವ ಸ್ಟಿಕ್ ಬೇಕು. ಎಸ್‌ಪಿಎಫ್ ಅಂದರೆ ಬಿಸಿಲಿನಿಂದ ಚರ್ಮ ಸುಡುವುದನ್ನು ಎಷ್ಟರಮಟ್ಟಿಗೆ ತಡೆಯುತ್ತದೆ ಅನ್ನುವ ಅಳತೆ. ಸಾದಾ ಜೆಲ್ಲಿ ಬಿಸಿಲನ್ನು ತಡೆಯುವುದಿಲ್ಲ. ತುಟಿ ಕೆಟ್ಟಿರುವಾಗ ಝಿಂಕ್ ಆಕ್ಸೈಡ್ ಅಥವಾ ಟೈಟಾನಿಯಂ ಡೈಆಕ್ಸೈಡ್ ಇರುವುದನ್ನೇ ಆರಿಸಿ, 'ಆಕ್ಸಿಬೆಂಝೋನ್', 'ಆಕ್ಟಿನೊಕ್ಸೇಟ್' ಇರುವವು ಕೆರಳಿಸಬಹುದು. ಹೊರಗಿರುವಷ್ಟು ಹೊತ್ತು ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. 180ರ ಸ್ಟಿಕ್ಕಿಗೂ ನನ್ನ ವಿರೋಧವಿಲ್ಲ. ಜೆಲ್ಲಿಯ ಜಿಡ್ಡು ಕೆಲವರಿಗೆ ಹಿಡಿಸುವುದಿಲ್ಲ. ಹಿಡಿಸದ್ದನ್ನು ಯಾರೂ ದಿನಕ್ಕೆ ಐದು ಸಲ ಹಚ್ಚುವುದಿಲ್ಲ.

5. ಹಚ್ಚುವ ಕ್ರಮ, ಹದಿನಾಲ್ಕು ದಿನ

ಒಣಗಿದ ತುಟಿ ಮೇಲೆ ಜೆಲ್ಲಿ ಬಳಿದರೆ ಒಣಗಿದ್ದನ್ನೇ ಮುಚ್ಚಿಟ್ಟ ಹಾಗೆ. ಜೆಲ್ಲಿ ನೀರು ಕೊಡುವುದಿಲ್ಲ, ಇರುವ ನೀರನ್ನು ಉಳಿಸುತ್ತದೆ. ಆದ್ದರಿಂದ ನೀರು ಮೊದಲು.

ರಾತ್ರಿ ಮಲಗುವ ಮುಂಚೆ ಮೆತ್ತನೆ ಬಟ್ಟೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿ, ಒಂದೆರಡು ನಿಮಿಷ ತುಟಿ ಮೇಲೆ ಇಡಿ. ಉಜ್ಜಬೇಡಿ. ಬಟ್ಟೆ ತೆಗೆದ ಕೂಡಲೇ, ತುಟಿ ಇನ್ನೂ ಒದ್ದೆ ಇರುವಾಗಲೇ, ತೊಗರಿ ಬೇಳೆ ಗಾತ್ರದ ಜೆಲ್ಲಿ ತೆಗೆದು ಎರಡೂ ತುಟಿಗೆ ದಪ್ಪಗೆ ಒತ್ತಿ. ತುಟಿಯ ಅಂಚು ದಾಟಿ ಸ್ವಲ್ಪ ಹೊರಗೂ ಬರಲಿ.

ಹಗಲಲ್ಲಿ ಅಕ್ಕಿ ಕಾಳಿನಷ್ಟು ಸಾಕು. ಹಲ್ಲುಜ್ಜುವ ಮುಂಚೆ ಒಮ್ಮೆ ಹಚ್ಚಿದರೆ ಪೇಸ್ಟಿನ ನೊರೆ ನೇರವಾಗಿ ತಾಗುವುದಿಲ್ಲ. ಆಮೇಲೆ ತಿಂಡಿ, ಊಟ, ಚಹಾ ಆದ ಮೇಲೆ ಬಾಯಿ ತೊಳೆದು ಒಮ್ಮೊಮ್ಮೆ, ಹೊರಗೆ ಹೊರಡುವ ಮುಂಚೆ ಒಮ್ಮೆ. ನಮ್ಮ ಕಡೆ ಊಟದಲ್ಲಿ ಕೆಂಪು ಖಾರದ ಚಟ್ನಿ ಇರಲೇಬೇಕಲ್ಲ, ಊಟಕ್ಕೆ ಮುಂಚೆಯೂ ತೆಳ್ಳಗೆ ಹಚ್ಚಿದರೆ ಉರಿ ಕಡಿಮೆ. ಬೈಕಿನಲ್ಲಿ ಹೋಗುವಾಗ ಹೆಲ್ಮೆಟ್ಟಿನ ಗಾಜು ಇಳಿಸಿ ಅಥವಾ ಬಟ್ಟೆ ಕಟ್ಟಿಕೊಳ್ಳಿ.

ಈ ಎರಡು ವಾರ ಮಾಡಬಾರದ್ದು ಮೂರು. ಒಂದು, ಸಿಪ್ಪೆ ಕೀಳಬೇಡಿ. ಅರ್ಧ ಎದ್ದ ಸಿಪ್ಪೆಯ ಬುಡದಲ್ಲಿ ಜೀವಂತ ಚರ್ಮವಿದೆ, ಎಳೆದರೆ ಅಲ್ಲೇ ಸೀಳುತ್ತದೆ. ತೀರಾ ಅಡ್ಡಿಯಾದರೆ ಜೆಲ್ಲಿ ಹಚ್ಚಿ ಮೆತ್ತಗಾದ ಮೇಲೆ ಉಗುರು ಕತ್ತರಿಯಲ್ಲಿ ತುದಿ ಮಾತ್ರ ಕತ್ತರಿಸಿ. ಎರಡು, ಸಕ್ಕರೆ ಸ್ಕ್ರಬ್ ಬೇಡ. ಒಡೆದ ಗಾಯಕ್ಕೆ ಸಕ್ಕರೆ ಹರಳು ಉಜ್ಜುವುದು ಯಾರ ಐಡಿಯಾವೋ ಕಾಣೆ. ಮೂರು, ನಡುವೆ ಇನ್ನೊಂದು ಬಾಮ್ ಬೆರೆಸಬೇಡಿ. ಬೆರೆಸಿದರೆ ಯಾವುದರಿಂದ ಏನಾಯಿತು ಗೊತ್ತಾಗುವುದಿಲ್ಲ. ಮನೆಯಲ್ಲಿ ಎಲ್ಲರಿಗೂ ಒಂದೇ ಡಬ್ಬಿ ಇಡುವುದೂ ಸರಿಯಲ್ಲ.

ಮಕ್ಕಳಿಗೆ ಸ್ಟ್ರಾಬೆರಿ ವಾಸನೆಯ ಬಾಮ್ ಕೊಟ್ಟರೆ ಅವು ಹಚ್ಚುವುದಿಲ್ಲ, ನೆಕ್ಕುತ್ತವೆ. ರುಚಿ ಇಲ್ಲದ ಜೆಲ್ಲಿಯೇ ಸರಿ.

ನೀರು ಕುಡಿಯಬೇಕಾ ಅಂತ ಕೇಳುತ್ತೀರಿ. ಬಾಯಾರಿದಾಗ ಕುಡಿಯಿರಿ. ಆದರೆ ತುಟಿಯಿಂದ ಗಾಳಿಗೆ ಹೋಗುವ ನೀರನ್ನು ಹೆಚ್ಚುವರಿ ಎರಡು ಲೋಟ ತಡೆಯುವುದಿಲ್ಲ. ಮೂಗು ಕಟ್ಟಿ ಬಾಯಿ ತೆರೆದು ಮಲಗುವವರು ಮೊದಲು ಮೂಗಿನ ವಿಚಾರ ನೋಡಿಕೊಳ್ಳಿ. ರಾತ್ರಿಯಿಡೀ ಬಾಯಿಂದ ಉಸಿರಾಡಿದರೆ ಯಾವ ಬಾಮೂ ಸಾಲದು.

6. ಕಡಿಮೆ ಆಗದಿದ್ದರೆ

ಸರಿಯಾಗಿ ಹಚ್ಚಿದರೆ ಮೂರು–ನಾಲ್ಕು ದಿನಕ್ಕೆ ಬಿಗಿತ ಮತ್ತು ಉರಿ ಇಳಿಯಬೇಕು, ಎರಡು ವಾರದೊಳಗೆ ಸಿಪ್ಪೆ ಹೋಗಬೇಕು. ಆಮೇಲೆ ನಿಮ್ಮ ಹಳೇ ಬಾಮ್ ಮತ್ತೆ ಬೇಕು ಅನ್ನಿಸಿದರೆ ನೇರ ತುಟಿಗೆ ಹಚ್ಚಬೇಡಿ. ಮೊಣಕೈ ಒಳಗಡೆ ನಾಣ್ಯದಷ್ಟು ಜಾಗದಲ್ಲಿ ದಿನಕ್ಕೆರಡು ಸಲ, ಒಂದು ವಾರ ಹಚ್ಚಿ ನೋಡಿ. ಕೆಂಪಾದರೆ, ತುರಿಸಿದರೆ ಅದು ನಿಮಗಲ್ಲ.

ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ನುಂಗುತ್ತಿರುವವರ ತುಟಿ ಒಣಗುವುದು ಸಹಜ. ಹೆಚ್ಚುಕಡಿಮೆ ಎಲ್ಲರಿಗೂ ಆಗುತ್ತದೆ. ಮಾತ್ರೆ ನೀವೇ ನಿಲ್ಲಿಸಬೇಡಿ, ಜೆಲ್ಲಿ ಪದೇಪದೇ ಹಚ್ಚಿ, ಬರೆದುಕೊಟ್ಟ ಡಾಕ್ಟರಿಗೆ ಹೇಳಿ.

ಎರಡು–ಮೂರು ವಾರ ಕಳೆದರೂ ಹಾಗೇ ಇದ್ದರೆ, ಹಳದಿ ಹೊಪ್ಪಳೆ ಕಟ್ಟಿದರೆ, ಊದಿಕೊಂಡರೆ ಚರ್ಮದ ಡಾಕ್ಟರಿಗೆ ತೋರಿಸಿ. ಹೋಗುವಾಗ ಬಾಮ್, ಟೂತ್‌ಪೇಸ್ಟ್, ಲಿಪ್‌ಸ್ಟಿಕ್ ಎಲ್ಲದರ ಹಿಂಭಾಗದ ಫೋಟೋ ಇರಲಿ. ವರ್ಷಗಟ್ಟಲೆ ಬಿಸಿಲಲ್ಲಿ ದುಡಿದವರು, ತಂಬಾಕು ಗುಟ್ಕಾ ಅಭ್ಯಾಸ ಇರುವವರು ಕೆಳತುಟಿಯನ್ನು ಬೆರಳಿನಿಂದ ಸವರಿ ನೋಡಿಕೊಳ್ಳಿ. ಒಂದೇ ಜಾಗ ಮರಳು ಕಾಗದದ ಹಾಗೆ ಒರಟಾಗಿ, ಬಿಳಿಚಿಕೊಂಡು, ಅಥವಾ ಗಟ್ಟಿಯಾಗಿ ಉಳಿದಿದ್ದರೆ, ನೋವಿಲ್ಲದಿದ್ದರೂ, ಅದೇ ವಾರ ತೋರಿಸಿ. ಅದಕ್ಕೆ ನನ್ನ ಅಂಗಡಿಯಲ್ಲಿ ಬಾಮ್ ಇಲ್ಲ.